ಬಗ್ಗಿದಾಗ ಬೇಕಾದ ಉದ್ದ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಮೇಡಂ, ನಾನು ಸುಂಟಿಕೊಪ್ಪದವಳು. ಎತ್ತರ 5 ಅಡಿ 7 ಇಂಚು, ಸಪೂರ ಮೈ. ಮನೆಯ ಹೋಂಸ್ಟೇ ನೋಡಿಕೊಳ್ಳುತ್ತೇನೆ, ತೋಟಕ್ಕೂ ಹೋಗುತ್ತೇನೆ. ಆಸೆಯಿಂದ ಒಂದು ಜಂಪ್‌ಸೂಟ್ ತರಿಸಿದೆ. ನಿಂತರೆ ಚೆನ್ನಾಗಿದೆ, ಕೂತರೆ ಬಗ್ಗಿದರೆ ತೊಡೆಸಂದಿಯಲ್ಲೂ ಭುಜದಲ್ಲೂ ಎಳೆಯುತ್ತದೆ. ಒಂದು ಸೈಜ್ ದೊಡ್ಡದು ತರಿಸಿದೆ. ಎದೆ ಹತ್ತಿರ ಜೋಲುತ್ತದೆ, ಎಳೆತ ಮಾತ್ರ ಹೋಗಿಲ್ಲ. ಡಂಗರಿ, ರೋಂಪರ್, ಕೋ-ಆರ್ಡ್ ಸೆಟ್ ಇವುಗಳಲ್ಲಿ ನನಗೆ ಯಾವುದು ಆಗಿಬರುತ್ತದೆ? ಇರುವ ಜಂಪ್‌ಸೂಟನ್ನು ಸರಿ ಮಾಡಿಸಬಹುದಾ?

ಉತ್ತರ: ಸರಿ ಮಾಡಿಸಬಹುದು. ಆದರೆ ಕತ್ತರಿ ಹಾಕುವ ಮೊದಲು ಒಂದು ಅಳತೆ ತೆಗೆಯಬೇಕು. ಹೆಚ್ಚಿನವರು ಅದನ್ನು ಜೀವನದಲ್ಲೇ ತೆಗೆದಿರುವುದಿಲ್ಲ.

ಎದೆ, ಸೊಂಟ, ಸೀಟು. ಈ ಮೂರು ಸುತ್ತಳತೆ ನೋಡಿ ನಾವು ಸೈಜ್ ಆರಿಸುತ್ತೇವೆ. ಪ್ಯಾಂಟಿಗೆ, ಕುರ್ತಾಕ್ಕೆ ಅಷ್ಟು ಸಾಕು. ಮೇಲಿನದ್ದನ್ನೂ ಕೆಳಗಿನದ್ದನ್ನೂ ಒಂದಕ್ಕೊಂದು ಸೇರಿಸಿ ಹೊಲಿದರೆ ಮಾತ್ರ ನಾಲ್ಕನೆಯ ಸುತ್ತಳತೆ ಒಂದು ಬೇಕಾಗುತ್ತದೆ. ಇದು ಅಡ್ಡ ಸುತ್ತಳತೆ ಅಲ್ಲ, ಉದ್ದ ಸುತ್ತಳತೆ. ಟೇಪನ್ನು ಒಂದು ಭುಜದ ನಡುವೆ ಇಡಿ. ಎದೆಯ ಮೇಲಿಂದ ಕೆಳಗೆ ಇಳಿಸಿ, ಕಾಲುಗಳ ಮಧ್ಯೆ ದಾಟಿಸಿ, ಬೆನ್ನಿನ ಮೇಲಿಂದ ಮತ್ತೆ ಅದೇ ಭುಜಕ್ಕೆ ತನ್ನಿ. ಒಬ್ಬರೇ ತೆಗೆಯಲು ಕಷ್ಟ, ಮನೆಯಲ್ಲಿ ಅಕ್ಕ ತಂಗಿ ಯಾರಾದರೂ ಇದ್ದರೆ ಹಿಡಿಯಲು ಹೇಳಿ. ಟೇಪ್ ಮೈಗೆ ತಾಗುತ್ತಿರಬೇಕು, ಬಿಗಿಯಬಾರದು. ಸಾಧಾರಣ ಎತ್ತರದ ಹೆಂಗಸರಿಗೆ ಇದು 60 ಇಂಚಿನ ಆಸುಪಾಸು ಬರುತ್ತದೆ. ನಿಮ್ಮ ಎತ್ತರಕ್ಕೆ, ಅದರಲ್ಲೂ ಕಾಲಿಗಿಂತ ಮುಂಡ ಉದ್ದ ಇರುವ ಮೈಯಾದರೆ, 63, 64 ಬಂದರೂ ಆಶ್ಚರ್ಯ ಇಲ್ಲ.

ಈಗ ಜಂಪ್‌ಸೂಟನ್ನು ಹಾಸಿಗೆ ಮೇಲೆ ಚಪ್ಪಟೆಯಾಗಿ ಹರಡಿ. ಭುಜದ ನಡುವಿನಿಂದ ಎರಡು ಕಾಲಿನ ಹೊಲಿಗೆ ಸೇರುವ ಜಾಗದವರೆಗೆ ಅಳೆಯಿರಿ. ಆ ಜಾಗಕ್ಕೆ ನಾವು ಕ್ರಾಚ್ ಅನ್ನುತ್ತೇವೆ. ತಿರುಗಿಸಿ ಹಿಂಭಾಗವನ್ನೂ ಹಾಗೇ ಅಳೆದು ಎರಡನ್ನೂ ಕೂಡಿಸಿ. ಆ ಮೊತ್ತ ನಿಮ್ಮ ಮೈಯ ಅಳತೆಗಿಂತ ಕಡಿಮೆ ಇದ್ದರೆ ಎಳೆತ ಬಂದೇ ಬರುತ್ತದೆ. ಎರಡೂ ಸಮ ಇದ್ದರೂ ಸಾಲದು. ನೇಯ್ದ ಬಟ್ಟೆಯಲ್ಲಿ ಹೊಲಿದ ಜಂಪ್‌ಸೂಟಿಗೆ ನಾನು ಮೈಯ ಅಳತೆಗಿಂತ ಎರಡು, ಎರಡೂವರೆ ಇಂಚು ಜಾಸ್ತಿ ಇಡುತ್ತೇನೆ. ಬಗ್ಗಿ ಎದ್ದು ಕೆಲಸ ಮಾಡುವವರಿಗೆ ಮೂರು, ನಾಲ್ಕು ಇಂಚು.

ದೊಡ್ಡ ಸೈಜ್ ಯಾಕೆ ಕೈಕೊಟ್ಟಿತು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಸೈಜ್ ಒಂದು ಮೇಲೆ ಹೋದರೆ ಎದೆ, ಸೊಂಟದ ಸುತ್ತ ಎರಡು ಇಂಚು ಸುಲಭವಾಗಿ ಏರುತ್ತದೆ. ಉದ್ದ ಸುತ್ತಳತೆ ಏರುವುದು ಸಾಮಾನ್ಯವಾಗಿ ಒಂದು, ಒಂದೂವರೆ ಇಂಚು ಮಾತ್ರ. ನಿಮಗೆ ಐದು ಇಂಚು ಕೊರತೆ ಇದೆ ಅಂತ ಇಟ್ಟುಕೊಳ್ಳಿ. ಅದನ್ನು ಸೈಜಿನಲ್ಲಿ ತುಂಬಿಸಲು ಹೋದರೆ ಎದೆ ಹತ್ತಿರ ಇನ್ನೊಬ್ಬರು ಹಿಡಿಯುವಷ್ಟು ಜಾಗ ಆಗಿಬಿಡುತ್ತದೆ.

ನಿಂತಾಗ ಚೆನ್ನಾಗಿದ್ದು ಬಗ್ಗಿದಾಗ ಮಾತ್ರ ಯಾಕೆ ಎಳೆಯುತ್ತದೆ? ಇದನ್ನು ಮೈ ಮೇಲೇ ನೋಡಬಹುದು. ಕತ್ತಿನ ಹಿಂದಿನ ಮೂಳೆಯಿಂದ ಸೀಟಿನ ಕೆಳಗಿನವರೆಗೆ ಟೇಪ್ ಹಿಡಿಸಿ ನೇರ ನಿಲ್ಲಿ, ಆಮೇಲೆ ಮುಂದಕ್ಕೆ ಬಗ್ಗಿ. ಬೆನ್ನಿನ ಉದ್ದ ಮೂರು, ನಾಲ್ಕು ಇಂಚು ಜಾಸ್ತಿ ಆಗುತ್ತದೆ. ಅದೇ ಹೊತ್ತಿಗೆ ಮುಂದೆ ಹೊಟ್ಟೆ ಮಡಚಿ ಉದ್ದ ಕಡಿಮೆ ಆಗುತ್ತದೆ. ಒಟ್ಟು ಲೆಕ್ಕದಲ್ಲಿ ಬಟ್ಟೆ ಸಾಕಾಗಬೇಕಿತ್ತು, ಅಲ್ವಾ? ಮುಂದೆ ಉಳಿದದ್ದು ಹಿಂದಕ್ಕೆ ಹೋದರೆ ಆಯಿತು. ಆದರೆ ಅದು ಹೋಗುವುದಿಲ್ಲ. ಕೆಳಗೆ ಎರಡು ಕಾಲು ಬಟ್ಟೆಯನ್ನು ಹಿಡಿದಿರುತ್ತವೆ, ಮೇಲೆ ತೋಳು ಮತ್ತು ಕಾಲರ್ ಹಿಡಿದಿರುತ್ತವೆ, ನಡುವೆ ಸೊಂಟದ ಹೊಲಿಗೆ. ಹಾಗಾಗಿ ಮುಂದೆ ಹೊಟ್ಟೆ ಮೇಲೆ ಬಟ್ಟೆ ಉಬ್ಬಿ ಕೂರುತ್ತದೆ, ಹಿಂದೆ ಬಿಗಿಯುತ್ತದೆ. ಭುಜದ ಹೊಲಿಗೆ ಬೆನ್ನಿನ ಕಡೆಗೆ ಜಾರುತ್ತದೆ. ಕನ್ನಡಿ ಮುಂದೆ ಸ್ಟೂಲಿನ ಮೇಲೆ ಕೂತು ನೋಡಿ, ಈ ಮೂರೂ ಕಾಣುತ್ತದೆ.

ನಾಲ್ಕು ಉಡುಪಿಗೂ ಇರುವ ವ್ಯತ್ಯಾಸ ಇದರಲ್ಲೇ ಇದೆ. ಬೆನ್ನಿಗೆ ಬೇಕಾದ ಆ ಮೂರು, ನಾಲ್ಕು ಇಂಚನ್ನು ಒಂದೊಂದೂ ಒಂದೊಂದು ಕಡೆಯಿಂದ ತರುತ್ತದೆ. ನಮ್ಮ ಕೊಡವ ಗಂಡಸರು ತೊಡುವ ಕುಪ್ಯವೂ ಭುಜದಿಂದ ಮೊಣಕಾಲಿನವರೆಗೆ ಒಂದೇ ಉಡುಪು, ಸೊಂಟಕ್ಕೆ ಚೇಲೆ ಬಿಗಿಯುತ್ತಾರೆ. ಆದರೂ ಕುಪ್ಯ ತೊಟ್ಟು ಕೂರಲು ಯಾರಿಗೂ ತೊಂದರೆ ಇಲ್ಲ. ಕಾರಣ, ಅದು ಕಾಲುಗಳ ಮಧ್ಯೆ ಸೇರುವುದಿಲ್ಲ. ಬೆನ್ನಿಗೆ ಉದ್ದ ಬೇಕಾದರೆ ಅಂಚು ಸ್ವಲ್ಪ ಮೇಲೆ ಬರುತ್ತದೆ, ಅಷ್ಟೇ. ಮೇಲೆ ಭುಜ, ಕೆಳಗೆ ಕ್ರಾಚ್, ಎರಡೂ ಕಡೆ ಕಟ್ಟು ಬಿದ್ದಾಗಲೇ ಕಷ್ಟ ಶುರು.

ಜಂಪ್‌ಸೂಟಿನಲ್ಲಿ ಆ ಎರಡೂ ಕಟ್ಟು ಇವೆ. ಉದ್ದವನ್ನು ಹೊಲಿಯುವಾಗಲೇ ಒಳಗೆ ಇಟ್ಟಿರಬೇಕು. ಆಮೇಲೆ ಎಲ್ಲಿಂದಲೂ ಬರುವುದಿಲ್ಲ. ವರ್ಕ್‌ಶಾಪಿನವರು ಹಾಕುವ ಬಾಯ್ಲರ್ ಸೂಟನ್ನು ಒಮ್ಮೆ ತಿರುಗಿಸಿ ನೋಡಿ. ಚೆನ್ನಾಗಿ ಹೊಲಿದದ್ದಾದರೆ ಬೆನ್ನಿನಲ್ಲಿ ಎರಡೂ ಭುಜದ ಹತ್ತಿರ ಮೇಲಿಂದ ಕೆಳಗೆ ಮಡಿಕೆ ಇರುತ್ತದೆ. ಕೈ ಮುಂದೆ ಚಾಚಿದಾಗ ಅದು ಬಿಚ್ಚಿಕೊಳ್ಳುತ್ತದೆ. ಹಿಂದಿನ ಸೊಂಟಕ್ಕೆ ಎಲಾಸ್ಟಿಕ್ ಇರುತ್ತದೆ, ಅದರ ಮೇಲೆ ಬಟ್ಟೆ ಸ್ವಲ್ಪ ಉಬ್ಬಿ ನಿಂತಿರುತ್ತದೆ. ಆ ಉಬ್ಬೇ ಬಗ್ಗಿದಾಗ ಬೇಕಾಗುವ ಉದ್ದ. ಫ್ಯಾಷನ್ ಜಂಪ್‌ಸೂಟಿನಲ್ಲಿ ಅದನ್ನು ತೆಗೆದು ಸೊಂಟ ನೀಟಾಗಿ ಕೂರುವಂತೆ ಮಾಡಿರುತ್ತಾರೆ. ಫೋಟೋದಲ್ಲಿ ಚೆಂದ ಕಾಣುತ್ತದೆ, ಫೋಟೋದಲ್ಲಿ ಯಾರೂ ಕೂರುವುದಿಲ್ಲ ತಾನೇ.

ತೋಳಿನ ವಿಚಾರವನ್ನೂ ಹೇಳಲೇಬೇಕು, ಇದನ್ನು ಯಾರೂ ಗಮನಿಸುವುದಿಲ್ಲ. ಕಂಕುಳಿನ ಹೊಲಿಗೆ ತುಂಬ ಕೆಳಗಿದ್ದರೆ ಕೈ ಎತ್ತಿದ ಕೂಡಲೇ ಪಕ್ಕೆಯ ಬಟ್ಟೆಯೂ ಜೊತೆಗೆ ಏರುತ್ತದೆ. ಅಂಗಿಯಾದರೆ ಏರಿ ಸುಮ್ಮನಾಗುತ್ತದೆ. ಜಂಪ್‌ಸೂಟಿನಲ್ಲಿ ಅದು ಕ್ರಾಚನ್ನೇ ಎಳೆದು ತರುತ್ತದೆ. ಕಳೆದ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ನನ್ನ ಗ್ರಾಹಕರೊಬ್ಬರು ಹೊಸ ಜಂಪ್‌ಸೂಟ್ ಹಾಕಿಕೊಂಡು ತೆಂಗಿನಕಾಯಿಗೆ ಗುಂಡು ಹೊಡೆಯಲು ನಿಂತಿದ್ದರು. ಕೋವಿಯನ್ನು ಭುಜಕ್ಕೆ ಏರಿಸಿದಾಗಲೆಲ್ಲ ಕೆಳಗೆ ಎಳೆದು ಸರಿಯಾಗಿ ಗುರಿ ಹಿಡಿಯಲಾಗಲಿಲ್ಲವಂತೆ. ಅವರ ಉದ್ದ ಸುತ್ತಳತೆ ಸರಿ ಇತ್ತು, ಕಂಕುಳು ಎರಡು ಇಂಚು ಕೆಳಗಿತ್ತು. ಕೊನೆಗೆ ತೋಳನ್ನೇ ಬಿಚ್ಚಿ ತೋಳಿಲ್ಲದ್ದು ಮಾಡಿ, ಒಳಗೆ ಟೀ-ಶರ್ಟ್ ಹಾಕುವಂತೆ ಮಾಡಿದೆ. ಕಾಳುಮೆಣಸು ಕೊಯ್ಯಲು ಕೈ ಮೇಲೆತ್ತುವವರಿಗೂ ಇದೇ ಮಾತು.

ಡಂಗರಿಯಲ್ಲಿ ಎರಡು ಕಟ್ಟುಗಳ ಪೈಕಿ ಮೇಲಿನದ್ದು ಸಡಿಲ. ಹೆಸರೇ ನಮ್ಮ ಕಡೆಯದ್ದು: ಡುಂಗ್ರಿ ಅನ್ನುವ ಒರಟು ಹತ್ತಿ ಬಟ್ಟೆಯಿಂದ ಬಂದದ್ದು, ಮುಂಬೈಯ ಡೋಂಗ್ರಿಯ ಜೊತೆ ಸೇರಿದ ಹೆಸರು. ಮುಂದೆ ಎದೆಪಟ್ಟಿ, ಹಿಂದಿನ ಸೊಂಟದಿಂದ ಎದ್ದು ಭುಜದ ಮೇಲಿಂದ ಬಂದು ಎದೆಪಟ್ಟಿಯ ಗುಂಡಿಗೆ ಸಿಕ್ಕಿಕೊಳ್ಳುವ ಎರಡು ಪಟ್ಟಿ. ಈ ಪಟ್ಟಿ ಭುಜಕ್ಕೆ ಹೊಲಿದದ್ದಲ್ಲ, ಭುಜದ ಮೇಲೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಬಗ್ಗಿದಾಗ ಒಂದು ಚೆಂದದ ಕೆಲಸ ನಡೆಯುತ್ತದೆ. ಮುಂದೆ ಉಳಿದ ಉದ್ದ ಪಟ್ಟಿಯ ಮೂಲಕ ಭುಜದ ಮೇಲೆ ಜಾರಿ ಬೆನ್ನಿಗೆ ಹೋಗುತ್ತದೆ. ಎದೆಪಟ್ಟಿ ಒಂದೆರಡು ಇಂಚು ಮೇಲೆ ಬರುತ್ತದೆ, ಹಿಂದಿನ ಸೊಂಟ ಅಷ್ಟೇ ಕೆಳಗೆ ಹೋಗುತ್ತದೆ. ಜಂಪ್‌ಸೂಟಿಗೆ ಆಗದ್ದು ಇಲ್ಲಿ ಆಯಿತು. ಅದರ ಮೇಲೆ ಪಕ್ಕೆಯಲ್ಲಿ ಗುಂಡಿ ಇರುವುದರಿಂದ ಸೊಂಟವೂ ಬಿಗಿಯುವುದಿಲ್ಲ. ನಿಮ್ಮ ಹಾಗೆ ಮುಂಡ ಉದ್ದ ಇರುವವರಿಗೆ ಬಕಲ್ ಸರಿಸಿ ಮೂರು, ನಾಲ್ಕು ಇಂಚು ಇಳಿಸಿಕೊಳ್ಳುವ ಅವಕಾಶ ಬೇರೆ.

ಆದರೆ ಡಂಗರಿಯನ್ನು ಕೆಡಿಸುವುದೂ ಆ ಬಕಲ್ಲೇ. ಅಂಗಡಿಯ ಕನ್ನಡಿ ಮುಂದೆ ನಿಂತು ಎದೆಪಟ್ಟಿ ಮೇಲಿದ್ದರೆ ಚೆಂದ ಅಂತ ಪಟ್ಟಿ ಬಿಗಿಯುತ್ತಾರೆ. ಹಾಗೆ ಮಾಡಿದರೆ ಡಂಗರಿಯೂ ಜಂಪ್‌ಸೂಟೇ ಆಗಿಬಿಡುತ್ತದೆ. ಪಟ್ಟಿಯ ಉದ್ದವನ್ನು ಕೂತು ಹೊಂದಿಸಿ. ಅದೂ ಎತ್ತರದ ಕುರ್ಚಿಯಲ್ಲಿ ಅಲ್ಲ, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂಥ ಕಡೆ, ಹಾಕಿ ಪಂದ್ಯ ನೋಡಲು ಗ್ಯಾಲರಿಯ ಮೆಟ್ಟಿಲ ಮೇಲೆ ಕೂರುತ್ತೇವಲ್ಲ, ಹಾಗೆ. ಅಲ್ಲಿ ಹಾಯಾಗಿದ್ದರೆ ಗುಂಡಿ ಹಾಕಿ ಎದ್ದು ನಿಲ್ಲಿ. ಕ್ರಾಚ್ ಮೈಯಿಂದ ಒಂದು, ಒಂದೂವರೆ ಇಂಚು ಕೆಳಗೆ ತೂಗುತ್ತಿರುತ್ತದೆ. ಅದು ಡಂಗರಿಯ ಸರಿಯಾದ ಜಾಗ, ಜೋಲಿದೆ ಅಂತ ಮತ್ತೆ ಬಿಗಿಯಬೇಡಿ. ಹಿಂದೆ ಪಟ್ಟಿ ಒಂದನ್ನೊಂದು ಕತ್ತರಿಯ ಹಾಗೆ ದಾಟುವುದನ್ನೇ ಆರಿಸಿ. ನೇರ ಪಟ್ಟಿ ನಿಮ್ಮಂಥ ಸಪೂರ ಭುಜದಿಂದ ಜಾರುತ್ತದೆ. ತೋಟಕ್ಕೆ ನನ್ನ ಆಯ್ಕೆ ಕಣ್ಣು ಮುಚ್ಚಿ ಡಂಗರಿಯೇ. ಒಳಗೆ ತುಂಬು ತೋಳಿನ ಅಂಗಿ ಹಾಕಿ, ಕಾಲಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿದರೆ ಜಿಗಣೆಯ ಕಾಟವೂ ಕಡಿಮೆ. ಒಂದೇ ಕೊರತೆ, ದಪ್ಪ ಡೆನಿಮ್ ಆದರೆ ಜೂನ್ ಬಂದ ಮೇಲೆ ಒಣಗುವುದಿಲ್ಲ. ಸೊಂಟಪಟ್ಟಿ ಮತ್ತು ಪಟ್ಟಿಯ ಬುಡ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಮಳೆಗಾಲಕ್ಕೆ ತೆಳು ಹತ್ತಿಯದ್ದು ತೆಗೆದುಕೊಳ್ಳಿ.

ರೋಂಪರ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅದು ಚಡ್ಡಿ ಉದ್ದದ ಜಂಪ್‌ಸೂಟ್. ಕಟ್ಟು ಎರಡೂ ಇವೆ. ಕಾಲು ಗಿಡ್ಡ ಇರುವುದರಿಂದ ಕೂತಾಗ ಮೊಣಕಾಲು ಬಟ್ಟೆಯನ್ನು ಹಿಡಿಯುವುದಿಲ್ಲ, ಅಷ್ಟು ಲಾಭ. ಆದರೆ ಕೊರತೆ ಬಿದ್ದ ಉದ್ದವನ್ನು ಅದು ತೊಡೆಯ ಅಂಚಿನಿಂದ ತೆಗೆದುಕೊಳ್ಳುತ್ತದೆ, ಅಂಚು ಮೇಲೇರುತ್ತದೆ. ಉದ್ದ ಮುಂಡದವರಿಗೆ ನಿಂತಾಗಲೇ ಗಿಡ್ಡ ಕಾಣುವುದು ಇದೇ ಕಾರಣಕ್ಕೆ. ಮನೆಯೊಳಗೆ ಹಾಕಲು ಎಲಾಸ್ಟಿಕ್ ಸೊಂಟದ ಹೊಸೈರಿ ರೋಂಪರ್ ಆಗಬಹುದು. ನಿಮ್ಮ ಕೆಲಸಕ್ಕೆ ಬೇಡ.

ಕೋ-ಆರ್ಡ್ ಸೆಟ್ಟಿನಲ್ಲಿ ಸೇರುವುದೇ ಇಲ್ಲ. ಒಂದೇ ಬಟ್ಟೆಯ ಅಂಗಿ ಮತ್ತು ಪ್ಯಾಂಟ್, ನೋಡುವ ಕಣ್ಣು ಮಾತ್ರ ಅವನ್ನು ಜೋಡಿಸುತ್ತದೆ. ಬಗ್ಗಿದಾಗ ಅಂಗಿ ತನ್ನಷ್ಟಕ್ಕೆ ಮೇಲೆ ಹೋಗುತ್ತದೆ, ಪ್ಯಾಂಟ್ ತನ್ನಷ್ಟಕ್ಕೆ ಕೆಳಗೆ ಬರುತ್ತದೆ. ಎಳೆತ ಇಲ್ಲ, ಬದಲಿಗೆ ಬೆನ್ನು ಕಾಣುತ್ತದೆ. ಇದಕ್ಕೂ ಅಳತೆ ಇದೆ. ಅಂಗಿ ಸುಮಾರು ಎರಡು ಇಂಚು ಏರುತ್ತದೆ, ಪ್ಯಾಂಟಿನ ಹಿಂದಿನ ಸೊಂಟ ಇನ್ನೊಂದೆರಡು ಇಂಚು ಇಳಿಯುತ್ತದೆ. ನಿಂತಾಗ ಅಂಗಿ ಪ್ಯಾಂಟಿನ ಮೇಲೆ ಐದು ಇಂಚಾದರೂ ಬಿದ್ದಿದ್ದರೆ ಬಗ್ಗಿದಾಗಲೂ ಒಂದು ಇಂಚು ಉಳಿಯುತ್ತದೆ. ಗಿಡ್ಡ ಅಂಗಿಯ ಸೆಟ್ ಇಷ್ಟವಾದರೆ ಪ್ಯಾಂಟಿನ ಸೊಂಟ ಹೊಕ್ಕುಳಿಗಿಂತ ಮೇಲಿರಲಿ, ಹಿಂದೆ ಎಲಾಸ್ಟಿಕ್ ಇರಲಿ. ಅತಿಥಿಗಳಿಗೆ ತಿಂಡಿ ಬಡಿಸಲು ಬಗ್ಗುವ ನಿಮಗೆ ಉದ್ದ ಅಂಗಿಯದ್ದೇ ವಾಸಿ. ಒಂದು ಎಚ್ಚರ: ಅಂಗಿ, ಪ್ಯಾಂಟ್ ಎರಡನ್ನೂ ಯಾವಾಗಲೂ ಒಟ್ಟಿಗೇ ಒಗೆಯಿರಿ, ಒಂದನ್ನೇ ಹಾಕಿದ್ದರೂ ಸರಿ. ಬೇರೆ ಬೇರೆ ಒಗೆದರೆ ಬಣ್ಣ ಬೇರೆ ಬೇರೆ ಮಾಸುತ್ತದೆ, ಆಮೇಲೆ ಅದು ಸೆಟ್ ಅಲ್ಲ.

ಇನ್ನು ನಿಮ್ಮ ಜಂಪ್‌ಸೂಟಿಗೆ ಬರೋಣ. ಹೋದ ವರ್ಷ ಸೋಮವಾರಪೇಟೆ ಕಡೆಯ ಹುಡುಗಿ ಒಬ್ಬಳು ಇದೇ ದೂರು ತಂದಿದ್ದಳು. ಮೈಯ ಉದ್ದ ಸುತ್ತಳತೆ 64 ಇಂಚು. ಬಟ್ಟೆ ಮುಂದೆ 30, ಹಿಂದೆ 31, ಒಟ್ಟು 61. ಎರಡೂವರೆ ಇಂಚು ಸಡಿಲ ಸೇರಿಸಿದರೆ ಬೇಕಾದದ್ದು 66½. ಅಂದರೆ ಕೊರತೆ 5½ ಇಂಚು. ಕ್ರಾಚ್ ಬಿಚ್ಚಿ ಒಳಗಿನ ಹೊಲಿಗೆ ಅಂಚು ಬಿಟ್ಟರೆ ಎಷ್ಟು ಸಿಕ್ಕೀತು? ಅರ್ಧ, ಮುಕ್ಕಾಲು ಇಂಚು. ಸಾಲದು.

ಮೊದಲು ಸೊಂಟದ ಹೊಲಿಗೆ ಎಲ್ಲಿ ಕೂರುತ್ತದೆ ನೋಡಿದೆ. ಅವಳ ಸೊಂಟಕ್ಕೆ ಒಂದು ದಾರ ಕಟ್ಟಿ, ಮೇಲೆ ಜಂಪ್‌ಸೂಟ್ ಹಾಕಿಸಿದೆ. ಹೊಲಿಗೆ ದಾರಕ್ಕಿಂತ ಒಂದೂವರೆ ಇಂಚು ಮೇಲಿತ್ತು. ಅಂದರೆ ಮೇಲಿನ ಭಾಗವೇ ಗಿಡ್ಡ. ಹೊಲಿಗೆ ದಾರದ ಮಟ್ಟಕ್ಕೇ ಅಥವಾ ಅದಕ್ಕಿಂತ ಕೆಳಗೆ ಇದ್ದು ಎಳೆತ ಇದ್ದಿದ್ದರೆ ಸೊಂಟದಿಂದ ಕ್ರಾಚ್‌ವರೆಗಿನ ಭಾಗ ಗಿಡ್ಡ ಅಂತ ಅರ್ಥ. ಆಗ ಸೊಂಟದ ಹೊಲಿಗೆ ಬಿಚ್ಚಿ ನಡುವೆ ಬಟ್ಟೆಯ ಪಟ್ಟಿ ಕೂರಿಸಿದರೂ ಅದು ಸೊಂಟದಿಂದ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಅಂಥದ್ದನ್ನು ವಾಪಸ್ ಕೊಡುವುದೇ ಒಳ್ಳೆಯದು. ನೀವೂ ದಾರ ಕಟ್ಟಿ ನೋಡಿ.

ಅವಳದ್ದಕ್ಕೆ ಸೊಂಟದ ಹೊಲಿಗೆ ಪೂರ್ತಿ ಬಿಚ್ಚಿ ನಡುವೆ ಒಂದು ಪಟ್ಟಿ ಕೂರಿಸಿದೆ. ಪಟ್ಟಿ ಮುಂದೆಯೂ ಇರುತ್ತದೆ, ಹಿಂದೆಯೂ ಇರುತ್ತದೆ, ಹಾಗಾಗಿ ಒಂದು ಇಂಚು ಅಗಲದ ಪಟ್ಟಿ ಉದ್ದ ಸುತ್ತಳತೆಗೆ ಎರಡು ಇಂಚು ಕೊಡುತ್ತದೆ. 5½ ಬೇಕಾದರೆ 2¾ ಇಂಚಿನ ಪಟ್ಟಿ ಸಾಕು. ನಾನು ಅದನ್ನು ಸಮ ಅಗಲ ಮಾಡಲಿಲ್ಲ. ಬಗ್ಗಿದಾಗ ಹಿಂದೆ ಜಾಸ್ತಿ ಬೇಕಲ್ಲ. ಅದಕ್ಕೆ ಮುಂದೆ 2¼, ಪಕ್ಕೆಯಲ್ಲಿ 2¾, ಹಿಂದೆ 3¼ ಬರುವ ಹಾಗೆ ನಿಧಾನಕ್ಕೆ ಅಗಲ ಮಾಡಿ ಕತ್ತರಿಸಿದೆ, ಮೇಲೆ ಕೆಳಗೆ ಅರ್ಧರ್ಧ ಇಂಚು ಹೊಲಿಗೆ ಅಂಚು ಬಿಟ್ಟು. ಒಟ್ಟು ಅಷ್ಟೇ, ಹಂಚಿಕೆ ಬೇರೆ. ಬೆನ್ನಿನ ಜಿಪ್ ಸೊಂಟ ದಾಟುತ್ತಿದ್ದರಿಂದ ಅದನ್ನೂ ಬಿಚ್ಚಿ ಮೂರು ಇಂಚು ಜಾಸ್ತಿ ಉದ್ದದ ಬೇರೆ ಜಿಪ್ ಹಾಕಬೇಕಾಯಿತು. ಕೆಲಸದ ಅರ್ಧ ಹೊತ್ತು ಜಿಪ್ಪಿಗೇ ಹೋಯಿತು. ನಿಮ್ಮದು ಮುಂದೆ ಗುಂಡಿಯದ್ದಾದರೆ ಸುಲಭ, ಪಟ್ಟಿಯ ಮೇಲೆ ಒಂದು ಗುಂಡಿ ಜಾಸ್ತಿ ಬರುತ್ತದೆ, ಅಷ್ಟೇ.

ಹೊಲಿದಾದ ಮೇಲೆ ಅವಳನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದೆ, ಚಪ್ಪಲಿಯ ಬಕಲ್ ಹಾಕಲು ಹೇಳಿದೆ, ಎರಡೂ ಕೈ ಮೇಲೆತ್ತಿಸಿದೆ. ಎಲ್ಲೂ ಹಿಡಿಯಲಿಲ್ಲ. ಪಟ್ಟಿ ಸೊಂಟದ ಮೇಲೇ ಬೆಲ್ಟಿನ ಹಾಗೆ ಕೂತಿತು. ಕಣಕಾಲಿನಿಂದ ಮೇಲೆ ನಿಲ್ಲುತ್ತಿದ್ದ ಪ್ಯಾಂಟಿನ ತುದಿಯೂ ಇಳಿದು ಸರಿಯಾದ ಜಾಗಕ್ಕೆ ಬಂತು. ಕಾಲು ಗಿಡ್ಡ ಅಂತ ಅವಳು ಅಂದುಕೊಂಡಿದ್ದಳು, ಕಾಲು ಗಿಡ್ಡ ಇರಲಿಲ್ಲ, ಮೇಲಿನಿಂದ ಎಳೆಯುತ್ತಿತ್ತು. ಹಾಗಾಗಿ ನೀವೂ ಪಟ್ಟಿ ಕೂರಿಸುವ ಮೊದಲು ಕಾಲಿನ ಅಂಚನ್ನು ಮುಟ್ಟಬೇಡಿ.

ಟೈಲರ್ ಹತ್ತಿರ ಹೋಗುವ ಮೊದಲು ಎರಡು ವಿಷಯ. ಒಂದು, ಇನ್ನೂ ಒಗೆದಿಲ್ಲ ಅಂದರೆ ಒಮ್ಮೆ ಒಗೆದು ಒಣಗಿಸಿ ಆಮೇಲೆ ಅಳೆಯಿರಿ. ರೇಯಾನ್, ಹತ್ತಿ ಬಟ್ಟೆಗಳು ಮೊದಲ ಒಗೆತದಲ್ಲಿ ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ ಕುಗ್ಗುವುದು. ನೂರಕ್ಕೆ ನಾಲ್ಕು ಕುಗ್ಗಿದರೂ 61 ಇಂಚಿನಲ್ಲಿ ಎರಡೂವರೆ ಇಂಚು ಹೋಯಿತು. ಅಂಗಡಿಯಲ್ಲಿ ಸರಿ ಇದ್ದದ್ದು ತಿಂಗಳಲ್ಲಿ ಹಿಡಿಯಲು ಶುರುವಾಗುವುದು ಹೀಗೆ, ನಾವು ದಪ್ಪ ಆಗಿ ಅಲ್ಲ. ಇನ್ನೊಂದು, ಸ್ಟ್ರೆಚ್ ಅಂತ ಬರೆದಿದೆ, ಹಿಗ್ಗುತ್ತದೆ ಅಂತ ನಂಬಬೇಡಿ. ಸ್ಟ್ರೆಚ್ ಡೆನಿಮ್, ಸ್ಟ್ರೆಚ್ ಕಾಟನ್ ಹೆಚ್ಚಾಗಿ ಅಡ್ಡಕ್ಕೆ ಮಾತ್ರ ಹಿಗ್ಗುತ್ತವೆ. ಸೊಂಟಕ್ಕೆ, ತೊಡೆಗೆ ಅದು ಒಳ್ಳೆಯದು. ನಿಮಗೆ ಬೇಕಾದದ್ದು ಉದ್ದಕ್ಕೆ ಹಿಗ್ಗುವ ಬಟ್ಟೆ. ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ, ಗೊತ್ತಾಗುತ್ತದೆ.

ಪಟ್ಟಿಗೆ ಅದೇ ಬಟ್ಟೆ ಎಲ್ಲಿ ಸಿಗುತ್ತದೆ ಅಂತ ಯೋಚಿಸಬೇಡಿ. ಜಂಪ್‌ಸೂಟ್ ಜೊತೆ ಅದೇ ಬಟ್ಟೆಯ ಕಟ್ಟುವ ಬೆಲ್ಟ್ ಬಂದಿರುತ್ತದೆ. ಎರಡು ಇಂಚಿನ ಬೆಲ್ಟನ್ನು ಬಿಚ್ಚಿ ಇಸ್ತ್ರಿ ಹಾಕಿದರೆ ನಾಲ್ಕೂಮುಕ್ಕಾಲು ಇಂಚು ಅಗಲದ ಬಟ್ಟೆ ಸಿಗುತ್ತದೆ, ಉದ್ದವಂತೂ ನಿಮ್ಮ ಸೊಂಟಕ್ಕೆ ಸಾಕಾಗಿ ಮಿಗುತ್ತದೆ. ಟೈಲರ್ ಹತ್ತಿರ ಹೋಗುವಾಗ ಅದನ್ನು ಮರೆಯದೆ ತೆಗೆದುಕೊಂಡು ಹೋಗಿ.